ಹುಮನಾಬಾದಿನ ಸರ್ವರ್ ಬಿಡಿಸಿದ ಟಿಪ್ಪಣಿ

ನಮ್ಮ ಕಂಪನಿ ಎಂದರೆ ಮೂರೇ ಜನ. ಬಸವಕಲ್ಯಾಣದಲ್ಲಿ ಕೂತು ಪ್ರೋಗ್ರಾಂ ಬರೆಯುವ ನಾನು, ಹುಮನಾಬಾದಿನಲ್ಲಿ ಸರ್ವರ್ ನೋಡಿಕೊಳ್ಳುವ ಚಾಚಾ, ಇಬ್ಬರಿಗೂ ಪಗಾರ ಕೊಡುವ ಮಾಲಕರು. ಮಾಲಕರದು ಮೂಲತಃ ಲಾರಿ ದಂಧೆ. ಹುಮನಾಬಾದಿನ ಹೆದ್ದಾರಿ ಬದಿಗೆ ಅವರ ಟ್ರಾನ್ಸ್‌ಪೋರ್ಟ್ ಆಫೀಸಿದೆ. ಯಾವ ಲಾರಿಯಲ್ಲಿ ಯಾರ ಮಾಲು ಎಲ್ಲಿಗೆ ಹೋಯಿತು ಎಂದು ಬರೆದುಕೊಡುವ ಚೀಟಿಗೆ ಬಿಲ್ಟಿ ಎನ್ನುತ್ತಾರೆ. ಅದಿಲ್ಲದೆ ಲಾರಿ ಗೇಟು ದಾಟುವುದಿಲ್ಲ. ಅವರ ಆಫೀಸಿಗೆಂದು ನಾನು ಬರೆದ ಬಿಲ್ಟಿಯ ಪ್ರೋಗ್ರಾಮನ್ನು ಪಕ್ಕದ ಆಫೀಸಿನವರು ಕೇಳಿದರು, ಅವರನ್ನು ನೋಡಿ ಚಿಟಗುಪ್ಪದವರು ಕೇಳಿದರು, ಹೀಗೆ ಐದಾರು ವರ್ಷಗಳಲ್ಲಿ ಮೂವತ್ತರಷ್ಟು ಆಫೀಸುಗಳಾದವು. ಎಲ್ಲರ ಬಿಲ್ಟಿಯೂ ಒಂದೇ ಡೇಟಾಬೇಸಿನಲ್ಲಿ. ಆ ಡೇಟಾಬೇಸು ಇದ್ದದ್ದು ಮಾಲಕರ ಆಫೀಸಿನ ಹಿಂದಿನ ಕೋಣೆಯಲ್ಲಿ, ಲಾರಿಗೆ ಹೊದಿಸುವ ತಾಡಪತ್ರಿ ಮತ್ತು ಹಗ್ಗದ ಸುರುಳಿಗಳ ನಡುವೆ ಮೇಜಿನ ಮೇಲಿಟ್ಟ ಒಂದು ಮಷೀನಿನಲ್ಲಿ.

ಚಾಚಾ ಆ ಮಷೀನಿನ ಕಾವಲುಗಾರರು. ಒಂದು ಕಾಲಕ್ಕೆ ರೇಡಿಯೊ, ಟೀವಿ ರಿಪೇರಿ ಮಾಡುತ್ತಿದ್ದವರು. ಆಮೇಲೆ ಕಂಪ್ಯೂಟರ್ ಟೈಪಿಂಗ್ ಸೆಂಟರ್ ಇಟ್ಟರು. ಅದೂ ಮುಚ್ಚಿದ ಮೇಲೆ ಇಲ್ಲಿಗೆ ಬಂದರು. ಅರವತ್ತು ದಾಟಿದೆ. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು, ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ ಓದುತ್ತಾರೆ. ಯು.ಪಿ.ಎಸ್. ಬ್ಯಾಟರಿಗೆ ನೀರು ಹಾಕುವುದು, ಫ್ಯಾನಿನ ಧೂಳು ಊದುವುದು, ದಿನಾ ಡೇಟಾಬೇಸಿನ ಒಂದು ಪ್ರತಿ, ಅಂದರೆ ಬ್ಯಾಕಪ್, ಹೊರಗಿನ ಡಿಸ್ಕಿಗೆ ಹೋಯಿತೇ ಎಂದು ನೋಡುವುದು ಅವರ ಕೆಲಸ. ಪ್ರತಿ ತೆಗೆಯುವ ಆ ಸಣ್ಣ ಪ್ರೋಗ್ರಾಂ ಮಾತ್ರ ನಾನು ಬರೆದದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ತಪ್ಪು ಅದರಲ್ಲಿತ್ತು.

ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ, ಲಾರಿಗಳು ತುಂಬುವ ಹೊತ್ತಿಗೆ, ಮೂವತ್ತು ಆಫೀಸುಗಳಲ್ಲೂ ಬಿಲ್ಟಿ ನಿಂತಿತು. ನನ್ನ ಫೋನು ಒಂದೇ ಸಮ ಬಡಿದುಕೊಂಡಿತು. ಆ ನಡುವೆ ಚಾಚಾರ ಕರೆ ಬಂತು.

"ಬೇಟಿ, ಡಿಸ್ಕ್ ಫುಲ್ ಆಗ್ಯದ ಅಂತ ತೋರಸಾಕತ್ತದ. ಒಂದಿಷ್ಟು ಲಾಗ್ ಇದ್ದಂಗ ಕಾಣ್ತಾವ, ತೆಗೆದು ಒಗೀಲೇನು?"

"ಚಾಚಾ, ಕೈ ಹಚ್ಚಬ್ಯಾಡ್ರಿ! ಆ ಫೋಲ್ಡರಿನ ಹೆಸರು ಓದ್ರಿ ಮೊದ್ಲ."

ಓದಿದರು. ನಾನು ಹೆದರಿದ್ದು ಸರಿಯಾಗಿತ್ತು. ಅವು ಹಳೆಯ ಕಸದಂತೆ ಕಂಡರೂ ಕಸವಲ್ಲ. ಡೇಟಾಬೇಸು ತಾನು ಮಾಡುವ ಪ್ರತಿಯೊಂದು ಬದಲಾವಣೆಯನ್ನೂ ಮೊದಲು ಅಲ್ಲಿ ಬರೆದುಕೊಳ್ಳುತ್ತದೆ. ನಡುವೆ ನಿಂತರೆ ಅದನ್ನೇ ಓದಿಕೊಂಡು ಎದ್ದು ಬರುತ್ತದೆ. ಅದನ್ನು ಅಳಿಸಿದರೆ ಎದ್ದೇಳುವ ದಾರಿಯೇ ಹೋಗುತ್ತದೆ. ಬೇರೆ ಏನು ತುಂಬಿದೆ ಎಂದು ಹುಡುಕಿಸಿದೆ. ಸಿಕ್ಕದ್ದು ನಾವೇ ತೆಗೆದಿಟ್ಟ ಪ್ರತಿಗಳು, ಒಂದರ ಹಿಂದೊಂದು ಹತ್ತೊಂಬತ್ತು. ನನ್ನ ಪ್ರೋಗ್ರಾಂ ಪ್ರತಿಯನ್ನು ಮೊದಲು ಮಷೀನಿನಲ್ಲೇ ಬರೆದು, ಹೊರಗಿನ ಡಿಸ್ಕಿಗೆ ನಕಲು ಮಾಡಿ, ನಕಲು ಮುಗಿದರೆ ಒಳಗಿನದನ್ನು ಅಳಿಸುತ್ತಿತ್ತು. ಹತ್ತೊಂಬತ್ತು ದಿನದ ಹಿಂದೆ ಹೊರಗಿನ ಡಿಸ್ಕು ತುಂಬಿಹೋಗಿತ್ತು. ನಕಲು ಅರ್ಧಕ್ಕೆ ನಿಲ್ಲುತ್ತಿತ್ತು, ಒಳಗಿನದು ಅಳಿಯದೆ ಉಳಿಯುತ್ತಿತ್ತು. ನಕಲು ಸೋತರೆ ಯಾರಿಗಾದರೂ ತಿಳಿಸಬೇಕು ಎಂದು ನಾನು ಬರೆದೇ ಇರಲಿಲ್ಲ. ಚಾಚಾ ದಿನಾ ಡಿಸ್ಕಿನಲ್ಲಿ ಹೊಸ ಹೆಸರಿನ ಫೈಲು ಕಾಣುತ್ತಿದ್ದಂತೆ ರಿಜಿಸ್ಟರಿನಲ್ಲಿ ಟಿಕ್ ಹಾಕುತ್ತಿದ್ದರು. ಆ ಫೈಲು ಪೂರ್ತಿಯೋ ಅರೆಬರೆಯೋ ಎಂದು ಹೆಸರು ನೋಡಿ ಹೇಳಲಾಗದು.

ಹಳೆಯ ನಾಲ್ಕು ಪ್ರತಿ ಅಳಿಸಿದೆವು. ಡೇಟಾಬೇಸು ತಾನೇ ಎದ್ದಿತು, ಒಂದು ಬಿಲ್ಟಿಯೂ ಹೋಗಿರಲಿಲ್ಲ. ಒಂದೂವರೆ ತಾಸಿನಲ್ಲಿ ಲಾರಿಗಳು ಹೊರಟವು. ಎಲ್ಲರೂ ಮರೆತರು. ನನಗೆ ಮಾತ್ರ ಮರೆಯಲಾಗಲಿಲ್ಲ. ಆ ಹತ್ತೊಂಬತ್ತು ದಿನಗಳಲ್ಲಿ ಮಷೀನಿನ ಡಿಸ್ಕೇ ಕೆಟ್ಟಿದ್ದರೆ ಮೂವತ್ತು ಆಫೀಸುಗಳ ಅಷ್ಟೂ ದಿನದ ಬರವಣಿಗೆ ಹೋಗುತ್ತಿತ್ತು. ಹೆದರಿಕೆಗಿಂತ ಹೆಚ್ಚಾಗಿ ನನಗೆ ದಣಿವಾಗಿತ್ತು. ಹೊಸದೊಂದು ಕೆಲಸ ಮುಗಿಸಿ ಎಷ್ಟು ತಿಂಗಳಾಯಿತು ಎಂದು ಲೆಕ್ಕ ಹಾಕಿದೆ. ಬ್ಯಾಟರಿ, ಡಿಸ್ಕು, ಎರಡು ವರ್ಷದಿಂದ ಮುಂದೂಡಿದ ಅಪ್‌ಡೇಟು, ಕೇಬಲ್ಲು: ದಿನಗಳು ಇವಕ್ಕೇ ಹೋಗಿದ್ದವು.

ಮಾಲಕರಿಗೆ ಫೋನಿನಲ್ಲಿ ಹೇಳಿದೆ. "ಅಣ್ಣಾ, ಡೇಟಾಬೇಸ್ ನಾವು ಇಟ್ಕೊಳ್ಳೋದು ಸಾಕ್ರಿ. ಅದನ್ನೇ ಕಸಬು ಮಾಡ್ಕೊಂಡ ಕಂಪನಿಗಳು ಅವ. ಮಷೀನು, ಪ್ರತಿ ತೆಗೆಯೋದು, ಅಪ್‌ಡೇಟು ಎಲ್ಲಾ ಅವರೇ ನೋಡ್ಕೋತಾರ, ನಾವು ತಿಂಗಳಾ ಬಾಡಿಗೆ ಕೊಡೋದು."

"ಬರದು ಕೊಡು ತಂಗಿ," ಎಂದರು ಅವರು. "ಬಾಯಿ ಮಾತಿನ ಮ್ಯಾಲ ನಾ ರೊಕ್ಕ ಹಾಕಂಗಿಲ್ಲ."

ಎರಡು ಪುಟದ ಟಿಪ್ಪಣಿ ಬರೆದೆ. ಮೂರು ದಾರಿಗಳನ್ನು ಅದರಲ್ಲಿಟ್ಟಿದ್ದೆ. ಒಂದು, ಈಗಿನ ಮಷೀನನ್ನೇ ಇಟ್ಟುಕೊಂಡು ಹೊಸ ಡಿಸ್ಕು, ಹೊಸ ಬ್ಯಾಟರಿ ಹಾಕುವುದು. ಎರಡು, ಮುಂಬೈಯ ಡೇಟಾ ಸೆಂಟರಿನಲ್ಲಿ ಬರೀ ಮಷೀನು ಬಾಡಿಗೆಗೆ ಹಿಡಿದು, ಡೇಟಾಬೇಸನ್ನು ನಾವೇ ನಡೆಸುವುದು. ಇದು ಅಗ್ಗ, ಬ್ಯಾಟರಿಯ ಕಾಟ ತಪ್ಪುತ್ತದೆ, ಉಳಿದ ಚಾಕರಿ ಹಾಗೇ ಇರುತ್ತದೆ. ಮೂರು, ಡೇಟಾಬೇಸನ್ನೇ ನಡೆಸಿಕೊಡುವ ಸೇವೆ. ತಿಂಗಳ ಖರ್ಚು ಈಗಿನದಕ್ಕಿಂತ ಸುಮಾರು ಎರಡೂವರೆ ಪಟ್ಟು. ಆದರೆ ಪ್ರತಿ ತಾನಾಗಿ ಆಗುತ್ತದೆ, ತಪ್ಪಿ ಏನಾದರೂ ಅಳಿಸಿದರೆ ಅಳಿಸುವ ಮುಂಚಿನ ನಿಮಿಷಕ್ಕೆ ಹಿಂದಿರುಗಬಹುದು. ಒಂದು ಬಿದ್ದರೆ ಇನ್ನೊಂದು ಏಳುವಂತೆ ಜೋಡಿ ಮಷೀನು ತೆಗೆದುಕೊಂಡರೆ ಬಾಡಿಗೆ ಇನ್ನೊಂದಷ್ಟಾಗುತ್ತದೆ. ಅದು ಬೇಡ ಎಂದು ಬರೆದೆ. ನಮ್ಮ ಆಫೀಸುಗಳು ಅರ್ಧ ತಾಸು ಕಾಯಬಲ್ಲವು, ಬಿಲ್ಟಿ ಕಳೆದುಕೊಳ್ಳಲಾರವು. ಅಪಾಯಗಳು ಎಂಬ ತಲೆಬರಹದ ಕೆಳಗೆ ಒಂದು ಸಾಲಿತ್ತು: "ಈಗಿನ ವ್ಯವಸ್ಥೆ ವಯಸ್ಸಾದ ಒಬ್ಬನೇ ವ್ಯಕ್ತಿಯ ಮೇಲೆ ನಿಂತಿದೆ."

ಮಾಲಕರು ಅದನ್ನು ಓದಿ, ನನಗೆ ಹೇಳದೆ, ವಾಟ್ಸ್ಯಾಪಿನಲ್ಲಿ ಚಾಚಾರಿಗೆ ಕಳಿಸಿಬಿಟ್ಟರು.

ಮೂರು ದಿನ ಚಾಚಾರಿಂದ ಕರೆ ಬರಲಿಲ್ಲ. ದಿನಕ್ಕೆರಡು ಸಲ ಮಾತಾಡುತ್ತಿದ್ದವರು. ನಾಲ್ಕನೆಯ ದಿನ ನಾನೇ ಬಸ್ಸು ಹತ್ತಿದೆ. ಬಸ್ಸು ಬಸವಕಲ್ಯಾಣದಲ್ಲೇ ತುಂಬಿತ್ತು, ಹುಮನಾಬಾದಿನವರೆಗೂ ನಿಂತೇ ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡದ್ದು ಹಿಂದಿನ ಕೋಣೆಯ ಬಾಗಿಲಲ್ಲಿ ಮರೆತುಹೋಯಿತು.

ಚಾಚಾ ಎದ್ದು ಕುರ್ಚಿ ಸರಿಸಿದರು. "ಬಾ ಬೇಟಿ, ಕೂಡು. ವಯಸ್ಸಾದ ವ್ಯಕ್ತಿ ಚಾ ತರಸ್ತಾನ."

ನನಗೆ ತಲೆ ಎತ್ತಲಾಗಲಿಲ್ಲ. "ಚಾಚಾ, ನಾ ಬರದಿದ್ದು ನಿಮ್ಮ ಮ್ಯಾಲಿನ ತಕರಾರು ಅಲ್ರಿ."

"ಹೆಸರಿಲ್ಲ, ಖರೆ. ಆದ್ರ ಈ ಕ್ವಾಣ್ಯಾಗ ಮತ್ತ ಯಾರ ಇದ್ದಾರ?" ಅವರು ಸಿಟ್ಟಿನಿಂದ ಹೇಳಲಿಲ್ಲ. ಅದೇ ಕಷ್ಟವಾಯಿತು. "ಹತ್ತೊಂಬತ್ತು ದಿನ ಟಿಕ್ ಹಾಕೀನಿ ನಾ. ಸುಳ್ಳ ಟಿಕ್ಕ. ನನಗ ನಾಚಿಕಿ ಆಗ್ಯದ."

"ಆ ಪ್ರೋಗ್ರಾಂ ಬರದಾಕಿ ನಾನ್ರಿ. ಸೋತ್ರ ಹೇಳು ಅಂತ ಅದಕ್ಕ ಕಲಿಸಿರಲಿಲ್ಲ ನಾ. ಟಿಪ್ಪಣಿಯೊಳಗ ಅದನ್ನ ಬರೀಬೇಕಾಗಿತ್ತು, ಬರೀಲಿಲ್ಲ."

ಚಹಾ ಬಂತು. ಕುಡಿಯುತ್ತ ಅವರು ಟಿಪ್ಪಣಿಯ ಪ್ರಿಂಟು ತೆಗೆದು ನನ್ನ ಮುಂದಿಟ್ಟರು. ಎರಡನೆಯ ಪುಟದಲ್ಲಿ ಪೆನ್ಸಿಲ್ ಗೆರೆಯಿತ್ತು.

"ಇದ ಹೇಳು. ಡೇಟಾಬೇಸ್ ಮುಂಬೈಗೆ ಒಯ್ತಿ, ಪ್ರೋಗ್ರಾಂ ಇಲ್ಲೇ ಈ ಮಷೀನಿನ್ಯಾಗ ಇಡ್ತಿ ಅಂತ ಬರದಿ. ಒಂದು ಬಿಲ್ಟಿ ತೆಗೀಬೇಕಾದ್ರ ನಿನ್ನ ಪ್ರೋಗ್ರಾಂ ಡೇಟಾಬೇಸಿಗೆ ಎಷ್ಟ ಸಲ ಕೇಳ್ತದ?"

"ನಲವತ್ತು ಸಲ ಇರಬಹುದ್ರಿ."

"ನಾ ಮುಂಬೈಗೆ ಪಿಂಗ್ ಹೊಡದು ನೋಡೀನಿ. ಒಂದು ಮಾತು ಅಲ್ಲಿಗೆ ಹೋಗಿ ಬರಾಕ ಮೂವತ್ತು ಮಿಲಿಸೆಕೆಂಡ. ನಲವತ್ತು ಸಲ ಹೋಗಿ ಬಂದ್ರ ಒಂದು ಸೆಕೆಂಡಿನ ಮ್ಯಾಲ ಆತು. ಈಗ ಬಟನ್ ಒತ್ತಿದ ಕೂಡಲೆ ಬರೋ ಬಿಲ್ಟಿ ಆಗ ಒದ್ದಾಡ್ತದ. ಆಫೀಸಿನವರು ನಿನಗ ಬಿಡ್ತಾರೇನು?"

ನಾನು ಅದನ್ನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ. ಇಲ್ಲಿ ಎರಡೂ ಒಂದೇ ಮಷೀನಿನಲ್ಲಿದ್ದವು, ಮಾತು ಕೋಣೆಯ ಹೊರಗೆ ಹೋಗುತ್ತಲೇ ಇರಲಿಲ್ಲ. ಡೇಟಾಬೇಸು ಹೋದಲ್ಲಿಗೆ ಪ್ರೋಗ್ರಾಮೂ ಹೋಗಬೇಕು, ಅದಕ್ಕೊಂದು ಸಣ್ಣ ಮಷೀನಿನ ಬಾಡಿಗೆ ಬೇರೆ. ನನ್ನ ಎರಡೂವರೆ ಪಟ್ಟು ಮೂರರ ಮೇಲೆ ಹೋಯಿತು. ಹತ್ತು ವರ್ಷ ಇದೇ ಕೆಲಸ ಮಾಡಿದವಳು ನಾನು. ಟಿಪ್ಪಣಿಯಲ್ಲಿದ್ದ ಅತಿ ದೊಡ್ಡ ತೂತನ್ನು ಕಂಡದ್ದು ನಾನು ಯಾರನ್ನು ಅಪಾಯ ಎಂದು ಬರೆದಿದ್ದೆನೋ ಅವರೇ.

"ಇನ್ನೊಂದದ," ಎಂದರು. "ಇಲ್ಲಿ ರಸ್ತೆ ಅಗದ್ರ ಇಂಟರ್‌ನೆಟ್ ಕಡೀತದ. ಆಗ ಈ ಆಫೀಸಿನ ಬಿಲ್ಟಿ ಮಾತ್ರ ನಡೀತದ, ಮಷೀನು ಇಲ್ಲೇ ಅದ ಅಂತ. ಮುಂಬೈಗೆ ಹೋದ್ರ ಮಾಲಕರ ಆಫೀಸೂ ನಿಂದರ್ತದ."

"ಉಳಿದ ಆಫೀಸು ಈಗೂ ನಿಂದರ್ತಾವಲ್ರಿ ಚಾಚಾ. ಇಲ್ಲಿ ವೈರ್ ಕಡದ್ರ ಇದೊಂದು ಬಿಟ್ಟು ಎಲ್ಲಾ ಬೀಳ್ತಾವ. ಅಲ್ಲಿಗೆ ಹೋದ್ರ ಇದೊಂದೇ ಬೀಳ್ತದ."

ಅವರು ತಲೆಯಾಡಿಸಿದರು. "ಅದು ಖರೆ. ಹಂಗಾದ್ರ ಈ ಆಫೀಸಿಗೆ ವೈರ್ ಕಡದಾಗ ಮೊಬೈಲ್ ನೆಟ್ ಕೊಡೋ ಒಂದು ಸಿಮ್ ಹಾಕೋ ಡಬ್ಬಿ ಇಡೂನು. ಅದನ್ನೂ ಬರಿ."

ಅವತ್ತೇ ಇನ್ನೊಂದು ಕೆಲಸ ಮಾಡಿದೆವು. ಇಷ್ಟು ವರ್ಷದಲ್ಲಿ ಒಮ್ಮೆಯೂ ಮಾಡದ ಕೆಲಸ: ಹಿಂದಿನ ದಿನದ ಪ್ರತಿಯಿಂದ ನನ್ನ ಲ್ಯಾಪ್‌ಟಾಪಿನಲ್ಲಿ ಡೇಟಾಬೇಸನ್ನು ಮರಳಿ ಎಬ್ಬಿಸುವುದು. ಹತ್ತೂವರೆಗೆ ಶುರುಮಾಡಿದ್ದು ಮೂರು ಗಂಟೆಗೆ ಮುಗಿಯಿತು. ಬಿಲ್ಟಿಗಳ ಫೋಟೋಗಳನ್ನೂ ಡೇಟಾಬೇಸಿನೊಳಗೇ ತುರುಕಿದ್ದೆವು, ಅದೂ ನನ್ನದೇ ಹಳೆಯ ಸೋಮಾರಿತನ. ಅದಕ್ಕೇ ಅಷ್ಟು ಹೊತ್ತು. ಮುಗಿದ ಮೇಲೂ ತಪ್ಪು ತೋರಿಸುವ ತುಂಬ ಕೆಂಪು ಸಾಲುಗಳು ಬಂದವು. ಡೇಟಾ ಬಂದಿತ್ತು, ಆದರೆ ಯಾವ ಆಫೀಸಿಗೆ ಯಾವ ಅನುಮತಿ ಎಂಬ ಬಳಕೆದಾರರ ಪಟ್ಟಿ ಬಂದಿರಲಿಲ್ಲ. ಒಂದು ಡೇಟಾಬೇಸಿನ ಪ್ರತಿಯಲ್ಲಿ ಆ ಪಟ್ಟಿ ಸೇರುವುದಿಲ್ಲ, ಅದನ್ನು ಬೇರೆ ತೆಗೆಯಬೇಕು. ನಾವು ಎಂದೂ ತೆಗೆದಿರಲಿಲ್ಲ.

ಚಾಚಾ ಆ ಕೆಂಪು ಸಾಲುಗಳನ್ನು ಬಗ್ಗಿ ನೋಡಿ ಕನ್ನಡಕ ತೆಗೆದಿಟ್ಟರು. "ಇಷ್ಟು ವರ್ಷ ನಾವು ಏನ ಕಾದೀವಿ ಬೇಟಿ?"

ಆಮೇಲೆ ಅವರೇ ಹೇಳಿದರು, ಎಷ್ಟು ಹೊತ್ತು ಈ ಮಷೀನಿಗೆ ಹೋಗುತ್ತದೆಂದು ಬರೆದರೆ ಮಾಲಕರಿಗೆ ತಿಳಿಯುತ್ತದೆ ಎಂದು. ಇಬ್ಬರ ಫೋನುಗಳ ಕರೆಪಟ್ಟಿ, ಅವರ ರಿಜಿಸ್ಟರು ಇಟ್ಟುಕೊಂಡು ಕೂತೆವು. ತಿಂಗಳಿಗೆ ನನ್ನದು ಹದಿನೈದು ತಾಸು, ಅವರದು ನಲವತ್ತು. ಲೆಕ್ಕಕ್ಕೆ ಸಿಗದ್ದನ್ನೂ ಅವರು ಹೇಳಿದರು. ಗೋರ್ಟಾದಲ್ಲಿ ಅವರ ಅಕ್ಕನ ಮನೆ. ಕರೆಂಟು ಹೋದರೆ ಯಾರು ನೋಡುತ್ತಾರೆಂದು ನಾಲ್ಕು ವರ್ಷದಿಂದ ಅಲ್ಲಿ ಒಂದು ದಿನವೂ ಉಳಿದಿರಲಿಲ್ಲವಂತೆ. "ಊಟ ಮಾಡಿ ಓಡಿ ಬರ್ತೀನಿ. ಅಕ್ಕ ಬೈತಾಳ, ನಿನ್ನ ಮಷೀನಿಗೆ ನಿಕಾ ಮಾಡ್ಕೋ ಅಂತ." ಇಬ್ಬರೂ ನಕ್ಕೆವು. ಟಿಪ್ಪಣಿಯಲ್ಲಿ ನಾನು ಕಾರ್ಯಭಾರ ಎಂಬ ಪದ ಬರೆದಿದ್ದೆ, ಅದರೊಳಗೆ ಇದೂ ಇದೆ ಎಂದು ಬರೆಯುವಾಗ ನನಗೆ ಗೊತ್ತಿರಲಿಲ್ಲ.

ಎರಡನೆಯ ಟಿಪ್ಪಣಿ ನಾಲ್ಕು ಪುಟವಾಯಿತು. ವಯಸ್ಸಿನ ಸಾಲು ತೆಗೆದು, ನನ್ನ ಪ್ರೋಗ್ರಾಮಿನ ತಪ್ಪು ಬರೆದೆ. ಪಿಂಗಿನ ಮಾತು, ಸಿಮ್ ಡಬ್ಬಿ, ಮೂರು ಪಟ್ಟು ಮೀರಿದ ಖರ್ಚು, ಎಲ್ಲವನ್ನೂ ಮುಚ್ಚಿಡದೆ ಬರೆದೆ. ಫೋಟೋಗಳನ್ನು ಮೊದಲು ಡೇಟಾಬೇಸಿನಿಂದ ಹೊರತೆಗೆದು ಅಗ್ಗದ ಜಾಗದಲ್ಲಿಟ್ಟರೆ ಬಾಡಿಗೆ ಒಂದಿಷ್ಟು ಇಳಿಯುತ್ತದೆ ಎಂದೂ ಸೇರಿಸಿದೆ. ಐವತ್ತೈದು ತಾಸಿನ ಲೆಕ್ಕವನ್ನು ಕೊನೆಯ ಪುಟದಲ್ಲಿ ಪಟ್ಟಿ ಹಾಕಿ ಇಟ್ಟೆ.

ಮಾಲಕರು ಬಸವಕಲ್ಯಾಣಕ್ಕೆ ಬಂದಾಗ, ಲಾರಿ ಬಾಡಿ ಕಟ್ಟುವ ಶೆಡ್ಡಿನ ಮೇಲಿರುವ ನನ್ನ ಕೋಣೆಯಲ್ಲಿ ಕೂತೆವು. ಕೆಳಗೆ ವೆಲ್ಡಿಂಗಿನ ಸದ್ದು. ಅವರು ನಾಲ್ಕೂ ಪುಟ ಓದಿದರು, ಬೆರಳಿಟ್ಟು, ನಿಧಾನವಾಗಿ.

"ಆ ಕಂಪನಿ ನಾಳೆ ಬಾಡಿಗಿ ಏರಿಸಿದ್ರ?"

"ಬಿಟ್ಟು ಬರಬಹುದ್ರಿ. ಒಳಗ ಇರೋದು ನಾವು ಈಗ ಬಳಸೋ ಡೇಟಾಬೇಸೇ. ವಾರಕ್ಕೊಂದು ಪೂರಾ ಪ್ರತಿ ನಮ್ಮ ಕೈಯಾಗ ಇರ್ತದ, ಬ್ಯಾರೆ ಕಡೆ ಎಬ್ಬಿಸಬಹುದು. ಬಿಲ್ಲು ಒಂದು ಮಟ್ಟ ದಾಟಿದ್ರ ಮೆಸೇಜ್ ಬರೋಹಂಗ ಇಡ್ತೀನಿ."

"ಪ್ರೋಗ್ರಾಂ ನಿಧಾನ ಆದ್ರ ಅವರು ಸರಿ ಮಾಡ್ತಾರ?"

"ಇಲ್ರಿ. ಅದು ನನ್ನ ಕೆಲಸ. ಮಷೀನು ಅವರದು, ಅದರಾಗ ನಾವು ಏನ ಕೇಳ್ತೀವಿ ಅನ್ನೋದು ನಮ್ಮದು."

ಆ ಉತ್ತರ ಅವರಿಗೆ ಹಿಡಿಸಿತು. ಎಲ್ಲ ಆಗುತ್ತದೆ ಎಂದಿದ್ದರೆ ನಂಬುತ್ತಿರಲಿಲ್ಲವೇನೋ. ಕೊನೆಯ ಪುಟಕ್ಕೆ ಬಂದರು. ಅಲ್ಲಿ ಅವರ ಬೆರಳು ನಿಂತಿತು.

"ಚಾಚಾರದು ನಲವತ್ತು ತಾಸು ಅಂತ ಬರದಿ."

"ಹೌದ್ರಿ."

"ಮಷೀನು ಹೋದ್ರ ಈ ನಲವತ್ತು ತಾಸು ಉಳೀತದ. ಅಂದ್ರ ಅವರ ಪಗಾರ ಅರ್ಧಕ್ಕ ಇಳಸಬಹುದು. ಅದನ್ನ ಹಿಡಿದ್ರ ನಿನ್ನ ಬಾಡಿಗಿ ಅಷ್ಟೇನ ಭಾರ ಇಲ್ಲ. ಛಲೋ ಲೆಕ್ಕ ಹಾಕಿದಿ ತಂಗಿ. ಮಾಡಿಬಿಡು."

ಕೆಳಗಿನ ವೆಲ್ಡಿಂಗು ನಿಂತಿತ್ತು. ನಾನು ಹೊರೆ ಎಂದು ಬರೆದದ್ದನ್ನು ಅವರು ಉಳಿತಾಯ ಎಂದು ಓದಿದ್ದರು. ಅದರಲ್ಲಿ ಕಪಟವೇನೂ ಇರಲಿಲ್ಲ. ಖರ್ಚು ಮತ್ತು ಕೆಲಸವನ್ನು ಅಕ್ಕಪಕ್ಕ ಇಟ್ಟು ತೋರಿಸಿದವಳು ನಾನೇ. ಚಾಚಾ ನನ್ನನ್ನು ನಂಬಿ, ಕರೆಪಟ್ಟಿ ತೆಗೆದು, ಒಂದೊಂದೇ ತಾಸು ಎಣಿಸಿಕೊಟ್ಟಿದ್ದರು.

"ಅಣ್ಣಾ, ಅದು ಪಗಾರ ಇಳಸಾಕ ಬರದಿದ್ದಲ್ರಿ."

"ಮತ್ಯಾಕ ಬರದಿ?"

"ಅವರು ಎಷ್ಟು ಹೈರಾಣ ಆಗ್ಯಾರ ಅಂತ ನಿಮಗ ತಿಳೀಲಿ ಅಂತ."

"ತಿಳೀತು. ಅದಕ್ಕ ಕಡಿಮಿ ಮಾಡಾಕತ್ತೀನಿ." ಅವರು ನಿಜವಾಗಿಯೂ ಹಾಗೇ ಅಂದುಕೊಂಡಿದ್ದರು.

ಎರಡು ದಿನ ಕೂತು ಐದನೆಯ ಪುಟ ಬರೆದೆ. ಡೇಟಾಬೇಸು ಬೇರೆಯವರ ಕೈಗೆ ಹೋದ ಮೇಲೂ ಉಳಿಯುವ ಕೆಲಸಗಳು: ವಾರದ ಪ್ರತಿ ಪೂರ್ತಿ ಬಂತೇ ನೋಡುವುದು, ತಿಂಗಳಿಗೊಮ್ಮೆ ಅದರಿಂದ ಎಬ್ಬಿಸಿ ಪರೀಕ್ಷಿಸುವುದು, ಕೆಲಸ ಬಿಟ್ಟವರ ಪಾಸ್‌ವರ್ಡು ತೆಗೆಯುವುದು, ಆಫೀಸುಗಳಿಗೆ ಹೋಗಿ ಹೊಸಬರಿಗೆ ಕಲಿಸುವುದು. ಕೊನೆಯದನ್ನು ಯಾರೂ ಮಾಡುತ್ತಿರಲಿಲ್ಲ, ಅದಕ್ಕೇ ನನ್ನ ಫೋನು ದಿನವಿಡೀ ಬಡಿಯುತ್ತಿತ್ತು. ಮಾಲಕರು ಓದಿ, ಕಾಲುಭಾಗವಷ್ಟೇ ಇಳಿಸುವುದಾಗಿ ಹೇಳಿದರು. ಅದಕ್ಕಿಂತ ಮುಂದೆ ಅವರು ಬರಲಿಲ್ಲ. ನನಗೂ ಜಗ್ಗಾಡುವ ಶಕ್ತಿ ಇರಲಿಲ್ಲ.

ಚಾಚಾರಿಗೆ ನಾನೇ ಹೋಗಿ ಹೇಳಿದೆ. ಅವರು ಕೇಳಿಸಿಕೊಂಡು ರಿಜಿಸ್ಟರು ಮುಚ್ಚಿಟ್ಟರು. ಆಮೇಲೆ, "ನೀ ಬರದಿದ್ದು ಸುಳ್ಳಲ್ಲ ಬೇಟಿ. ನಾ ಎಣಸಿ ಕೊಟ್ಟಿದ್ದೂ ಸುಳ್ಳಲ್ಲ," ಎಂದರು. ಸಮಾಧಾನಕ್ಕೆ ಹೇಳಿದ್ದೋ, ನೋವಿಗೆ ಹೇಳಿದ್ದೋ, ನನಗೆ ಇಂದಿಗೂ ತಿಳಿದಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಎರಡು ಸಲ ತಾಲೀಮು ಮಾಡಿ, ಒಂದು ಭಾನುವಾರ ಮಧ್ಯಾಹ್ನ, ಆಫೀಸುಗಳು ಮುಚ್ಚಿದ ಮೇಲೆ, ಬದಲಾಯಿಸಿದೆವು. ಹೊಸ ಬಿಲ್ಟಿ ಬರೆಯುವುದನ್ನು ನಿಲ್ಲಿಸಿ, ಕೊನೆಯ ಪ್ರತಿ ತೆಗೆದು ಮುಂಬೈಗೆ ಕಳಿಸಿ ಅಲ್ಲಿ ಎಬ್ಬಿಸಿದೆ. ಫೋಟೋಗಳು ಮೊದಲೇ ಹೊರಗೆ ಹೋಗಿದ್ದರಿಂದ ಮುಕ್ಕಾಲು ತಾಸು ಸಾಕಾಯಿತು. ಚಾಚಾ ಹುಮನಾಬಾದಿನಲ್ಲಿ ಹಳೆಯ ಮಷೀನಿನ ಮುಂದೆ ಕೂತು, ಫೋನಿನಲ್ಲಿ ಒಂದೊಂದು ಆಫೀಸಿನ ಬಿಲ್ಟಿಗಳ ಸಂಖ್ಯೆ ಓದುತ್ತಿದ್ದರು. ನಾನು ಹೊಸದರಲ್ಲಿ ಕಂಡ ಸಂಖ್ಯೆ ಓದುತ್ತಿದ್ದೆ. ಮೂವತ್ತೂ ಆಫೀಸು ತಾಳೆಯಾದವು. ಕೊನೆಯ ಬಿಲ್ಟಿಯ ಲಾರಿ ನಂಬರೂ ಒಂದೇ.

"ಆತು?" ಎಂದರು.

"ಆತ್ರಿ ಚಾಚಾ."

"ಹಂಗಾದ್ರ ಇದನ್ನ ಬಂದ್ ಮಾಡ್ಲೇನು?"

ಒಂದು ವಾರ ಹಾಗೇ ಇರಲಿ ಎಂದೆ. ಒಂದು ವಾರದ ನಂತರ ಅವರು ಬಂದ್ ಮಾಡಿದರು. ನನಗೆ ಮೆಸೇಜು ಮಾತ್ರ ಹಾಕಿದರು.

ಹಗುರಾಗುತ್ತದೆ ಅಂದುಕೊಂಡಿದ್ದೆ. ಕೆಲವಂತೂ ಹಗುರಾದವು. ಬ್ಯಾಟರಿ, ಫ್ಯಾನು, ಡಿಸ್ಕಿನ ಮಾತು ಮನೆಯಲ್ಲಿ ಬರುವುದಿಲ್ಲ. ಎರಡು ವರ್ಷ ಮುಂದೂಡಿದ್ದ ಅಪ್‌ಡೇಟು ಹೊಸ ಕಡೆ ಬಂದದ್ದರಿಂದಲೇ ಮುಗಿದಂತಾಯಿತು. ಈಗ ಸಣ್ಣ ಅಪ್‌ಡೇಟುಗಳಿಗೆ ಮೊದಲೇ ಪತ್ರ ಬರುತ್ತದೆ, ನಾನು ಗೊತ್ತುಮಾಡಿದ ಹೊತ್ತಿನಲ್ಲಿ ಕೆಲವು ನಿಮಿಷ ನಿಂತು ತಾನೇ ಏಳುತ್ತದೆ. ಆದರೆ ಉಳಿದ ಹೊತ್ತೆಲ್ಲ ಎಲ್ಲಿ ಹೋಯಿತೋ. ಬಾಡಿಗೆಗೆ ಹಿಡಿದ ಡೇಟಾಬೇಸಿಗೆ ನನ್ನ ಪ್ರೋಗ್ರಾಂ ಸುತ್ತುಬಳಸಿ ಕೇಳುವ ಪ್ರಶ್ನೆಗಳೆಲ್ಲ ಬಿಲ್ಲಿನಲ್ಲಿ ಕಾಣುತ್ತವೆ. ಅವನ್ನು ತಿದ್ದುತ್ತ ಕೂತಿದ್ದೇನೆ. ತಿಂಗಳ ಕೊನೆಗೆ ಮಾಲಕರು ಬಿಲ್ಲು ಕೇಳುತ್ತಾರೆ, ನಾನು ವಿವರಿಸುತ್ತೇನೆ.

ಮೊನ್ನೆ ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಚಾಚಾ ಸಿಕ್ಕರು. ಹೆಗಲಿಗೆ ಚೀಲ, ಚೀಲದಲ್ಲಿ ಪ್ರಿಂಟರಿನ ರಿಬ್ಬನ್ನು. ಚಿಟಗುಪ್ಪದ ಆಫೀಸಿನಲ್ಲಿ ಹೊಸದಾಗಿ ಬಂದ ಹುಡುಗಿಗೆ ಬಿಲ್ಟಿ ಕಲಿಸಲು ಹೊರಟಿದ್ದರು. ಬೆಳಗಿನ ಹೊತ್ತು ಒಂದು ಇನ್ವರ್ಟರ್ ಅಂಗಡಿಯಲ್ಲಿ ಕೂಡುತ್ತಾರಂತೆ, ಕಡಿಮೆಯಾದ ಕಾಲುಭಾಗ ಅಲ್ಲಿ ತುಂಬುತ್ತದಂತೆ.

"ಬಸ್ಸಿನ್ಯಾಗ ಓಡಾಡಿ ಸೊಂಟ ನೋಯ್ತದ," ಎಂದರು. "ಕ್ವಾಣ್ಯಾಗ ಕೂತಾಗ ಫಿಕರ್ ಇತ್ತು, ಸೊಂಟ ನೋಯ್ತಿರಲಿಲ್ಲ."

ಅಕ್ಕನ ಮನೆಗೆ ಹೋಗಿದ್ದಿರಾ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಬಸ್ಸು ಬಂತು. ಅವರು ಚೀಲವನ್ನು ಕಿಟಕಿಯಿಂದ ಸೀಟಿನ ಮೇಲೆ ಎಸೆದು ಜಾಗ ಹಿಡಿದು, ಜನರ ನಡುವೆ ಹತ್ತಿ ಕೂತರು.